ಫ್ರಂಟ್ ಆಫೀಸ್ ರೆಸ್ಯೂಮೆ: 'ಎನಿ ಶಿಫ್ಟ್' ಅಂತ ಬರೆದವರು ಮತ್ತು ರಾತ್ರಿ ಲೆಕ್ಕ ಮುಗಿಸಿದವರು

ಪ್ರಶ್ನೆ: ಸರ್, ಮೈಸೂರಿನಲ್ಲಿ ನಮ್ಮದು 40 ರೂಮಿನ ಹೋಟೆಲ್. ಫ್ರಂಟ್ ಆಫೀಸ್‌ನಲ್ಲಿ ನಾಲ್ಕು ಜನ ಇದ್ದರು, ಈಗ ಒಬ್ಬರು ಬಿಟ್ಟಿದ್ದಾರೆ. ಜಾಹೀರಾತಿನಲ್ಲಿ ಮೂರು ವಿಷಯ ಕೇಳಿದ್ದೆವು: ಗೆಸ್ಟ್ ಸರ್ವಿಸ್ ಅನುಭವ, ಐಡಿಎಸ್ ಸಾಫ್ಟ್‌ವೇರ್, ಮೂರೂ ಶಿಫ್ಟ್‌ಗೆ ಬರುವ ತಯಾರಿ. ಎರಡು ರೆಸ್ಯೂಮೆ ಉಳಿಸಿಕೊಂಡು ನಿಮಗೂ ಕಳಿಸಿದ್ದೇನೆ. ಒಬ್ಬರು ಬೆಂಗಳೂರಿನ 150 ರೂಮಿನ ಹೋಟೆಲಿನವರು, ಬಿಎಚ್‌ಎಂ, ಮೂರು ವರ್ಷ ಅನುಭವ. ಇನ್ನೊಬ್ಬರು ಹಾಸನದ 28 ರೂಮಿನ ಹೋಟೆಲಿನವರು, ಪಿಯುಸಿ, ನಾಲ್ಕು ವರ್ಷ ಅನುಭವ, ಆದರೆ ಐಡಿಎಸ್ ಬರಲ್ಲ. ನನಗೆ ಮೊದಲನೆಯವರೇ ಸರಿ ಅನ್ನಿಸ್ತಿದೆ. ರೆಸ್ಯೂಮೆ ನೋಡಿಯೇ ಇದನ್ನು ತೂಗುವುದು ಹೇಗೆ?

ಉತ್ತರ: ಎರಡೂ ರೆಸ್ಯೂಮೆ ಓದಿದೆ. ಇಬ್ಬರನ್ನೂ ಕರೆಯಿರಿ, ಆದರೆ ಹಾಸನದವರನ್ನು ಮೊದಲು ಕರೆಯಿರಿ. ಕೆಲಸಕ್ಕೆ ಅವರನ್ನೇ ತಗೊಳ್ಳಿ ಅಂತ ಈಗಲೇ ಹೇಳುತ್ತಿಲ್ಲ. ನೀವು ಕೇಳಿರುವ ಮೂರು ವಿಷಯಕ್ಕೂ ಆಧಾರ ಸಿಗುವ ಒಂದು ಸಾಲು ಅವರ ರೆಸ್ಯೂಮೆಯಲ್ಲಿ ಇದೆ. ಬೆಂಗಳೂರಿನವರ ಎರಡು ಪುಟದಲ್ಲಿ ಅಂಥದ್ದು ನನಗೆ ಕಾಣಲಿಲ್ಲ.

ಆ ಸಾಲು ಮೊದಲ ಪುಟದ ಕೆಳಗಿದೆ, ಗಮನಿಸಿದಿರೋ ಇಲ್ಲವೋ: 'ವಾರಕ್ಕೆ ಎರಡು ನೈಟ್ ಡ್ಯೂಟಿ, 11ರಿಂದ 7, ಒಬ್ಬನೇ. ಡೇ ಕ್ಲೋಸ್, ಕ್ಯಾಶ್ ಟ್ಯಾಲಿ, ಬೆಳಗಿನ ಚೆಕ್‌ಔಟ್ ಬಿಲ್ ರೆಡಿ.' ದೊಡ್ಡ ಹೋಟೆಲಿನವರು ಇದನ್ನು ನೈಟ್ ಆಡಿಟ್ ಅನ್ನುತ್ತಾರೆ. ಕೆಲಸ ಒಂದೇ.

ರಾತ್ರಿ ಆ ಕುರ್ಚಿಯಲ್ಲಿ ಕೂತವರು ಏನೇನು ಮಾಡಬೇಕು ನೋಡಿ. ಇವತ್ತು ಬರಬೇಕಾಗಿದ್ದವರಲ್ಲಿ ಯಾರು ಬಂದಿಲ್ಲ ಎಂದು ನೋಡಿ, ಅವರನ್ನು ನೋ ಶೋ ಮಾಡಬೇಕೋ, ಇನ್ನೂ ಕಾಯಬೇಕೋ ತೀರ್ಮಾನಿಸಬೇಕು. ಒಳಗಿರುವ ಪ್ರತಿ ರೂಮಿನ ಬಾಡಿಗೆ ಸರಿಯಾದ ದರದಲ್ಲಿದೆಯೇ ಎಂದು ಬುಕಿಂಗ್ ಜೊತೆ ಹೋಲಿಸಬೇಕು. ರೆಸ್ಟೋರೆಂಟಿನಿಂದ ರೂಮಿಗೆ ಹಾಕಿದ ಬಿಲ್ಲುಗಳು ಸರಿಯಾದ ರೂಮಿಗೇ ಬಿದ್ದಿವೆಯೇ ಅಂತ ನೋಡಬೇಕು. ಮಧ್ಯಾಹ್ನದವರು ಬಿಟ್ಟುಹೋದ ನಗದು, ಕಾರ್ಡ್, ಯುಪಿಐ ಮೂರೂ ತಾಳೆಯಾಗಬೇಕು. ಆಮೇಲೆ ದಿನ ಮುಚ್ಚಬೇಕು. ಆಗ ಎಲ್ಲ ರೂಮಿಗೂ ಬಾಡಿಗೆ, ತೆರಿಗೆ ಬಿದ್ದು ಸಾಫ್ಟ್‌ವೇರಿನ ತಾರೀಖು ಮುಂದೆ ಹೋಗುತ್ತದೆ. ಕೊನೆಗೆ, ಬೆಳಿಗ್ಗೆ ಕರೆಂಟೋ ನೆಟ್ಟೋ ಹೋದರೆ ಕೈಯಲ್ಲಿ ಇರಲಿ ಅಂತ ಒಳಗಿರುವ ಅತಿಥಿಗಳ ಪಟ್ಟಿ ಮತ್ತು ಬಾಕಿ ಪಟ್ಟಿ ಪ್ರಿಂಟ್ ತೆಗೆದಿಡಬೇಕು. ಇದರ ನಡುವೆಯೇ ರಾತ್ರಿ ಎರಡಕ್ಕೆ ಎಸಿ ಕೆಲಸ ಮಾಡ್ತಿಲ್ಲ ಅಂತ ಫೋನ್ ಬರುತ್ತದೆ. ಮ್ಯಾನೇಜರ್ ಮನೆಯಲ್ಲಿ ಮಲಗಿರುತ್ತಾರೆ.

ಇದನ್ನು ವರ್ಷಗಟ್ಟಲೆ ಒಬ್ಬರೇ ಮಾಡಿದ್ದಾರೆ ಅಂದರೆ ಸಾಫ್ಟ್‌ವೇರಿನ ಹಿಂದಿನ ಲೆಕ್ಕ ಅವರಿಗೆ ಗೊತ್ತು, ಕೋಪದಲ್ಲಿರುವ ಅತಿಥಿಯನ್ನು ಯಾರ ಸಹಾಯವೂ ಇಲ್ಲದೆ ಎದುರಿಸಿದ್ದಾರೆ, ರಾತ್ರಿ ಪಾಳಿ ಅವರಿಗೆ ಹೊಸದಲ್ಲ ಎಂದಾಯಿತು. ಬರೆದದ್ದು ನಿಜವೇ ಎಂದು ಪರೀಕ್ಷಿಸಲೇಬೇಕು. ಅದು ಕಷ್ಟವಲ್ಲ, ಮುಂದೆ ಹೇಳುತ್ತೇನೆ.

ಈಗ ಬೆಂಗಳೂರಿನವರ ರೆಸ್ಯೂಮೆಗೆ ಬರೋಣ. 150 ರೂಮಿನ ಹೋಟೆಲ್ ಅಂದ ತಕ್ಷಣ ಅನುಭವ ದೊಡ್ಡದು ಅನ್ನಿಸುವುದು ಸಹಜ. ಆದರೆ ಅಷ್ಟು ದೊಡ್ಡ ಜಾಗದಲ್ಲಿ ಕೆಲಸ ಹಂಚಿಹೋಗಿರುತ್ತದೆ. ಬುಕಿಂಗ್ ತಗೊಳ್ಳಲು ರಿಸರ್ವೇಷನ್‌ನವರು ಬೇರೆ, ಸಾಮಾನಿಗೆ ಬೆಲ್ ಡೆಸ್ಕ್ ಬೇರೆ, ಆನ್‌ಲೈನ್ ದರ ನೋಡುವವರು ಬೇರೆ, ನೈಟ್ ಆಡಿಟರ್ ಬೇರೆ. ಇವರ ರೆಸ್ಯೂಮೆಯಲ್ಲಿರುವ ಕೆಲಸ 'ಗೆಸ್ಟ್ ಚೆಕ್‌ಇನ್, ಚೆಕ್‌ಔಟ್, ಕೀ ಕಾರ್ಡ್, ಗೆಸ್ಟ್ ಕ್ವೆರಿ' ಅಷ್ಟೇ. ಆ ಕೆಲಸ ಚೆನ್ನಾಗಿಯೇ ಮಾಡಿರಬಹುದು. ನಿಮ್ಮ 40 ರೂಮಿನಲ್ಲಿ ಮಾತ್ರ ಇದೆಲ್ಲವನ್ನೂ ಒಬ್ಬರೇ ಮಾಡಬೇಕು. ಮೇಕ್‌ಮೈಟ್ರಿಪ್‌ನಿಂದ ಬಂದ ಬುಕಿಂಗ್ ನೋಡಿಕೊಳ್ಳುತ್ತಾ ಹೌಸ್‌ಕೀಪಿಂಗ್‌ಗೆ ಫೋನ್ ಹಚ್ಚುವವರೂ ಅವರೇ, ಆಟೋ ಕರೆಸುವವರೂ ಅವರೇ.

ಮೂರು ವರ್ಷದ ಲೆಕ್ಕವನ್ನೂ ತಿಂಗಳು ಹಿಡಿದು ಕೂಡಿಸಿ ನೋಡಿ. ಅದರಲ್ಲಿ ಆರು ತಿಂಗಳು ಕಾಲೇಜಿನ ಇಂಡಸ್ಟ್ರಿಯಲ್ ಟ್ರೈನಿಂಗ್. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರೆಲ್ಲ ಇಂಥ ಐದಾರು ತಿಂಗಳು ಮಾಡಿಯೇ ಬರುತ್ತಾರೆ. ಆ ಅವಧಿಯಲ್ಲಿ ಅಡುಗೆಮನೆ, ಹೌಸ್‌ಕೀಪಿಂಗ್, ಸರ್ವಿಸ್, ಫ್ರಂಟ್ ಆಫೀಸ್ ಎಲ್ಲವನ್ನೂ ಸುತ್ತಿಸುತ್ತಾರೆ. ಹಾಗಾಗಿ ಕೌಂಟರಿನಲ್ಲಿ ನಿಂತದ್ದು ಎರಡೂವರೆ ವರ್ಷ. ಇದನ್ನು ಮೋಸ ಅನ್ನಬೇಡಿ, ಎಲ್ಲರೂ ಹೀಗೇ ಬರೆಯುತ್ತಾರೆ. ಲೆಕ್ಕ ಹಾಕುವಾಗ ನೀವು ಬೇರೆ ಇಟ್ಟುಕೊಳ್ಳಿ, ಅಷ್ಟೇ.

ಸಾಫ್ಟ್‌ವೇರ್ ವಿಷಯಕ್ಕೆ ನೀವು ಅಗತ್ಯಕ್ಕಿಂತ ಜಾಸ್ತಿ ತೂಕ ಕೊಟ್ಟಿದ್ದೀರಿ ಅಂತ ನನ್ನ ಅಭಿಪ್ರಾಯ. ಐಡಿಎಸ್ ಬೆಂಗಳೂರಿನ ಕಂಪನಿಯದ್ದು, ನಮ್ಮ ಕಡೆಯ ಹೋಟೆಲುಗಳಲ್ಲಿ ಎಲ್ಲೆಲ್ಲೂ ಸಿಗುತ್ತದೆ. ಒಪೆರಾ ಒರಾಕಲ್‌ನದು, ದೊಡ್ಡ ಚೈನ್ ಹೋಟೆಲುಗಳಲ್ಲಿ ಇರುತ್ತದೆ. ಹಾಸನದವರು ಬಳಸಿರುವ ಈಝೀ ಸಣ್ಣ, ಮಧ್ಯಮ ಹೋಟೆಲುಗಳಲ್ಲಿ ಇರುತ್ತದೆ. ಸ್ಕ್ರೀನು, ಬಟನ್ನು ಬೇರೆ ಬೇರೆ. ಒಳಗಿನ ತರ್ಕ ಒಂದೇ: ಬುಕಿಂಗ್, ರೂಮ್ ಹಂಚಿಕೆ, ಅತಿಥಿಯ ಖಾತೆ, ಅದಕ್ಕೆ ಬೀಳುವ ಖರ್ಚು, ಪಾವತಿ, ದಿನ ಮುಚ್ಚುವುದು. ಒಂದರಲ್ಲಿ ಈ ತರ್ಕ ಹಿಡಿದವರು ಇನ್ನೊಂದರ ಸ್ಕ್ರೀನನ್ನು, ಪಕ್ಕದಲ್ಲಿ ಹೇಳಿಕೊಡುವವರಿದ್ದರೆ, ಒಂದೆರಡು ವಾರದಲ್ಲಿ ಹಿಡಿಯುತ್ತಾರೆ.

ಬೆಂಗಳೂರಿನವರು 'ಒಪೆರಾ, ಐಡಿಎಸ್' ಎರಡನ್ನೂ ಬರೆದಿದ್ದಾರೆ. ಆದರೆ ಕೆಲಸ ಮಾಡಿರುವುದು ಒಂದೇ ಹೋಟೆಲಿನಲ್ಲಿ. ಒಂದು ಹೋಟೆಲಿನಲ್ಲಿ ಒಂದು ಹೊತ್ತಿಗೆ ಇರುವುದು ಒಂದೇ ಸಾಫ್ಟ್‌ವೇರ್, ಅಲ್ವಾ? ಹಾಗಾದರೆ ಎರಡನೆಯದು ಎಲ್ಲಿಂದ ಬಂತು ಅಂತ ಕೇಳಿ. ಕಾಲೇಜಿನ ಲ್ಯಾಬ್‌ನಲ್ಲಿ ನೋಡಿದ್ದೆ ಅಂದರೆ ಅದನ್ನು ಅನುಭವ ಅಂತ ಹಿಡಿಯಬೇಡಿ. ನಾನಿದ್ದಾಗಲೇ ನಮ್ಮ ಹೋಟೆಲ್ ಒಂದರಿಂದ ಇನ್ನೊಂದಕ್ಕೆ ಬದಲಾಯಿತು ಅಂದರೆ ಮಾತು ಬೇರೆ. ಆ ಬದಲಾವಣೆಯ ದಿನಗಳಲ್ಲಿ ಕೌಂಟರಿನಲ್ಲಿ ಇದ್ದವರಿಗೆ ಎರಡೂ ಚೆನ್ನಾಗಿ ಗೊತ್ತಿರುತ್ತದೆ.

ಸಾಫ್ಟ್‌ವೇರ್ ಎಷ್ಟು ಆಳಕ್ಕೆ ಗೊತ್ತು ಎಂದು ನೋಡಲು ಎರಡು ಪ್ರಶ್ನೆ ಸಾಕು. ಯಾವ ಸಾಫ್ಟ್‌ವೇರ್ ಬಳಸಿದವರಿಗೂ ಕೇಳಬಹುದು.

ಮೊದಲನೆಯದು: 'ರೂಮ್ ಬಾಡಿಗೆ ಕಂಪನಿ ಕೊಡುತ್ತದೆ. ಊಟ, ಲಾಂಡ್ರಿ ಅತಿಥಿಯೇ ಕೊಡಬೇಕು. ನೀವು ಏನು ಮಾಡ್ತಿದ್ರಿ?' ಗೊತ್ತಿರುವವರು ಚೆಕ್‌ಇನ್ ಹೊತ್ತಿನಿಂದಲೇ ಉತ್ತರ ಶುರುಮಾಡುತ್ತಾರೆ. ಆಗಲೇ ಎರಡು ಬಿಲ್ ತೆರೆದು, ಬಾಡಿಗೆ ತಾನಾಗಿ ಕಂಪನಿ ಬಿಲ್ಲಿಗೆ ಹೋಗುವ ಹಾಗೆ ಹೊಂದಿಸಿ, ಕಂಪನಿಯ ಜಿಎಸ್‌ಟಿ ನಂಬರನ್ನೂ ಆಗಲೇ ಕೇಳಿ ಹಾಕುತ್ತೇವೆ ಅನ್ನುತ್ತಾರೆ. 'ಚೆಕ್‌ಔಟ್‌ನಲ್ಲಿ ಬೇರೆ ಬೇರೆ ಬಿಲ್ ಮಾಡಿಕೊಡ್ತಿದ್ದೆ' ಅಂದರೆ ಕೆಲಸ ಅರ್ಧ ಗೊತ್ತು ಅಂತ ಅರ್ಥ. ಏಕೆಂದರೆ ಬೆಳಿಗ್ಗೆ ಎಂಟಕ್ಕೆ ಆರು ಜನ ಸಾಲಿನಲ್ಲಿ ನಿಂತಿರುವಾಗ ಬಿಲ್ ಒಡೆಯಲು ಕೂತರೆ ಹಿಂದಿನ ಐವರೂ ಸಿಟ್ಟಾಗುತ್ತಾರೆ. ಬಿಲ್ ಕೊಟ್ಟ ಮೇಲೆ ಜಿಎಸ್‌ಟಿ ನಂಬರ್ ಸೇರಿಸಬೇಕಾದರೆ ಅದನ್ನು ರದ್ದುಮಾಡಿ ಹೊಸದು ಮಾಡುವ ತಲೆನೋವು ಬೇರೆ.

ಎರಡನೆಯದು ಸ್ವಲ್ಪ ಗಟ್ಟಿ. ನೈಟ್ ಡ್ಯೂಟಿ ಮಾಡಿದ್ದೇನೆ ಅನ್ನುವವರಿಗೆ ಮಾತ್ರ ಕೇಳಿ. 'ರಾತ್ರಿ ಮೂರಕ್ಕೆ ಒಬ್ಬರು ರೂಮ್ ಕೇಳಿಕೊಂಡು ಬಂದರು. ಬೆಳಿಗ್ಗೆ ಹತ್ತಕ್ಕೆ ಹೊರಡುತ್ತಾರೆ. ಯಾವ ತಾರೀಖಿಗೆ ಚೆಕ್‌ಇನ್ ಮಾಡ್ತೀರಿ?' ನಿಜವಾಗಿ ಮಾಡಿದವರು ಉತ್ತರ ಹೇಳುವ ಮೊದಲು ನಿಮ್ಮನ್ನೇ ಕೇಳುತ್ತಾರೆ: ದಿನ ಮುಚ್ಚಿ ಆಗಿತ್ತಾ, ಇಲ್ಲವಾ? ಮುಚ್ಚಿಲ್ಲದಿದ್ದರೆ ಗೋಡೆಯ ಗಡಿಯಾರ ಏನೇ ಹೇಳಲಿ, ಸಾಫ್ಟ್‌ವೇರಿಗೆ ಇನ್ನೂ ನಿನ್ನೆಯ ತಾರೀಖು. ಚೆಕ್‌ಇನ್ ಮಾಡಿದರೆ ದಿನ ಮುಚ್ಚುವಾಗ ಬಾಡಿಗೆ ತಾನಾಗಿ ಬೀಳುತ್ತದೆ. ಮುಚ್ಚಿ ಆಗಿದ್ದರೆ ಬರುವುದು, ಹೋಗುವುದು ಎರಡೂ ಒಂದೇ ತಾರೀಖಿನಲ್ಲಿ ಆಗುತ್ತವೆ. ನಡುವೆ ಇನ್ನೊಂದು ಡೇ ಕ್ಲೋಸ್ ಇಲ್ಲ. ಹಾಗಾಗಿ ಬಾಡಿಗೆ ತಾನಾಗಿ ಬೀಳುವುದಿಲ್ಲ, ಕೈಯಿಂದ ಹಾಕಬೇಕು. ಮರೆತರೆ ಊಟದ ಬಿಲ್ಲಷ್ಟೇ ಕಟ್ಟಿ ಅತಿಥಿ ಹೊರಟುಬಿಡುತ್ತಾರೆ. ಈ ಎರಡರ ವ್ಯತ್ಯಾಸ ಓದಿ ಬರುವಂಥದ್ದಲ್ಲ. ಹಾಸನದವರು ತಿರುಗಿ ಆ ಪ್ರಶ್ನೆ ಕೇಳಿದರೆ ಅವರ ರೆಸ್ಯೂಮೆಯ ಆ ಸಾಲು ನಿಜ ಅಂತ ಧೈರ್ಯವಾಗಿ ಹಿಡಿಯಿರಿ.

ಒಂದು ಮಿತಿಯನ್ನೂ ಹೇಳಬೇಕು. ಸಣ್ಣ ಹೋಟೆಲುಗಳಲ್ಲಿ ಕೆಲವರು 'ಡೇ ಕ್ಲೋಸ್' ಅಂದರೆ ಒಂದು ಬಟನ್ ಒತ್ತುವುದು ಅಷ್ಟೇ ಅಂದುಕೊಂಡಿರುತ್ತಾರೆ. ತಾಳೆ ನೋಡುವ ಕೆಲಸವನ್ನು ಬೆಳಿಗ್ಗೆ ಅಕೌಂಟೆಂಟ್ ಮಾಡುತ್ತಿರುತ್ತಾರೆ. ಅದಕ್ಕೇ 'ಬಟನ್ ಒತ್ತುವ ಮೊದಲು ಏನೇನು ನೋಡ್ತಿದ್ರಿ?' ಅಂತಲೂ ಕೇಳಿ. ದರದ ವ್ಯತ್ಯಾಸ, ನೋ ಶೋ, ಕ್ಯಾಶ್ ಈ ಮೂರರಲ್ಲಿ ಎರಡಾದರೂ ಬಾಯಿಗೆ ಬರಬೇಕು.

ಗೆಸ್ಟ್ ಸರ್ವಿಸ್ ವಿಷಯವೇ ರೆಸ್ಯೂಮೆಯಲ್ಲಿ ಹುಡುಕಲು ಕಷ್ಟ. 'ಎಕ್ಸಲೆಂಟ್ ಕಮ್ಯುನಿಕೇಷನ್', 'ಗೆಸ್ಟ್ ಓರಿಯೆಂಟೆಡ್' ಇವನ್ನೆಲ್ಲ ಪೆನ್ನಿನಲ್ಲಿ ಹೊಡೆದುಹಾಕಿ ಓದಿ. ಬೆಂಗಳೂರಿನವರು 'ಗೆಸ್ಟ್ ಸ್ಯಾಟಿಸ್‌ಫ್ಯಾಕ್ಷನ್ 95%' ಅಂತ ಬರೆದಿದ್ದಾರೆ. ಆ ಅಂಕಿ ಸಾಮಾನ್ಯವಾಗಿ ಇಡೀ ಹೋಟೆಲಿನದು. ಅದರಲ್ಲಿ ಅಡುಗೆಯವರು, ಹೌಸ್‌ಕೀಪಿಂಗ್‌ನವರು ಎಲ್ಲರೂ ಸೇರಿರುತ್ತಾರೆ. ಒಬ್ಬರ ಖಾತೆಗೆ ಹಾಕಲು ಬರುವುದಿಲ್ಲ.

ಅದರ ಬದಲು ಸನ್ನಿವೇಶ ಹುಡುಕಿ. ಹಾಸನದವರು ಬರೆದಿದ್ದಾರೆ: 'ಮದುವೆ ಪಾರ್ಟಿ, 20 ರೂಮ್, ಒಂದೇ ಬೆಳಿಗ್ಗೆ ಚೆಕ್‌ಔಟ್. ಓವರ್‌ಬುಕಿಂಗ್ ಆದಾಗ ಗೆಸ್ಟ್‌ಗಳನ್ನು ಬೇರೆ ಹೋಟೆಲಿಗೆ ಶಿಫ್ಟ್ ಮಾಡಿದ್ದೇನೆ.' ಇಂಗ್ಲಿಷ್ ತಪ್ಪುತಪ್ಪಾಗಿದೆ, ನಿಜ. ಆದರೆ ಇದು ನಡೆದ ವಿಷಯ, ಕೆದಕಿ ಕೇಳಬಹುದು. ನಿಮಗೆ ದಸರಾದಲ್ಲಿ ಇದೇ ಬರುತ್ತದೆ. 40 ರೂಮಿಗೆ 41 ಬುಕಿಂಗ್ ಬಿದ್ದಿದೆ, ಯಾರನ್ನು ಕಳಿಸುತ್ತೀರಿ ಅಂತ ಕೇಳಿ. ಅನುಭವ ಇರುವವರು ಸಂಜೆಯೇ ಅರೈವಲ್ ಪಟ್ಟಿ ನೋಡುತ್ತಿದ್ದೆ ಅನ್ನುತ್ತಾರೆ. ಒಂದೇ ರಾತ್ರಿ ಇರುವ, ಒಬ್ಬರೇ ಬರುವ ಅತಿಥಿಯನ್ನು ಆರಿಸುತ್ತಾರೆ. ಮಕ್ಕಳಿರುವ ಕುಟುಂಬ, ಮೂರು ದಿನ ಉಳಿಯುವವರು, ಪದೇಪದೇ ಬರುವವರನ್ನು ಮುಟ್ಟುವುದಿಲ್ಲ. ಅತಿಥಿ ಬಾಗಿಲಿಗೆ ಬರುವ ಮೊದಲೇ ಸಮಾನ ದರ್ಜೆಯ ಇಲ್ಲವೇ ಮೇಲಿನ ದರ್ಜೆಯ ರೂಮ್ ಬೇರೆ ಕಡೆ ಖಾತ್ರಿ ಮಾಡಿ, ಫೋನ್ ಮಾಡಿ ಹೇಳಿ, ಕಾರಿನ ಖರ್ಚು, ದರದ ವ್ಯತ್ಯಾಸ ಹೋಟೆಲೇ ಕೊಡುತ್ತದೆ ಅನ್ನುತ್ತಾರೆ. 'ಕೊನೆಗೆ ಯಾರು ಬರ್ತಾರೋ ಅವರಿಗೆ ರೂಮ್ ಇಲ್ಲ ಅಂತ ಹೇಳ್ತೀನಿ' ಅನ್ನುವವರು ನಿಮ್ಮ ಗೂಗಲ್ ರಿವ್ಯೂಗೆ ಒಂದು ಸ್ಟಾರ್ ತರುತ್ತಾರೆ. ರಾತ್ರಿ ಹನ್ನೊಂದಕ್ಕೆ ಬಂದವರಿಗೆ ದಸರಾ ಹೊತ್ತಿನ ಮೈಸೂರಿನಲ್ಲಿ ಬೇರೆ ರೂಮ್ ಎಲ್ಲಿ ಸಿಗುತ್ತದೆ?

ಬೆಂಗಳೂರಿನವರಿಗೂ ಅನ್ಯಾಯ ಮಾಡಬಾರದು. ಅವರ ರೆಸ್ಯೂಮೆಯಲ್ಲಿ ಒಂದು ಕಡೆ 'ಸಿ ಫಾರ್ಮ್ ಸಬ್‌ಮಿಷನ್' ಅಂತ ಇದೆ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ಪಾಸ್‌ಪೋರ್ಟ್, ವೀಸಾ ವಿವರವನ್ನು ಆನ್‌ಲೈನಿನಲ್ಲಿ ವಿದೇಶಿಯರ ನೋಂದಣಿ ಕಚೇರಿಗೆ ಕಳಿಸಬೇಕಲ್ಲ, ಅದು. ಮೈಸೂರಿಗೆ ವಿದೇಶಿಯರು ಬರುತ್ತಲೇ ಇರುತ್ತಾರೆ, ನಿಮಗೆ ಇದು ಬೇಕೇ ಬೇಕು. ಹಾಸನದವರ ರೆಸ್ಯೂಮೆಯಲ್ಲಿ ಇದು ಇಲ್ಲ. ಕನ್ನಡ, ಇಂಗ್ಲಿಷ್, ಹಿಂದಿ, ತಮಿಳು ನಾಲ್ಕೂ ಬರುತ್ತದೆ ಅಂತಲೂ ಬೆಂಗಳೂರಿನವರು ಬರೆದಿದ್ದಾರೆ. ಕೇರಳ, ತಮಿಳುನಾಡಿನ ಕುಟುಂಬಗಳು ವಾರಾಂತ್ಯದಲ್ಲಿ ತುಂಬುವ ಊರಿನಲ್ಲಿ ಅದು ದೊಡ್ಡ ಅನುಕೂಲ. ಫೋನಿನಲ್ಲೇ ಎರಡು ನಿಮಿಷ ಹಿಂದಿಯಲ್ಲಿ, ತಮಿಳಿನಲ್ಲಿ ಮಾತಾಡಿಸಿ ನೋಡಿ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಅವರು ಕೆಲಸ ಮಾಡಿದ ಹೋಟೆಲಿನ ಆನ್‌ಲೈನ್ ರಿವ್ಯೂಗಳಲ್ಲಿ ಅವರ ಹೆಸರು ಹುಡುಕಿ. ದೊಡ್ಡ ಹೋಟೆಲುಗಳಲ್ಲಿ 'ನನ್ನ ಹೆಸರು ಬರೀರಿ' ಅಂತ ಸಿಬ್ಬಂದಿಯೇ ಅತಿಥಿಗಳನ್ನು ಕೇಳುವ ಅಭ್ಯಾಸ ಇದೆ. ಹಾಗಾಗಿ ಹೆಸರು ಎಷ್ಟು ಸಲ ಬಂದಿದೆ ಅಂತ ಎಣಿಸಬೇಡಿ, ಏನು ಬರೆದಿದ್ದಾರೆ ಓದಿ. 'ವೆರಿ ಪೊಲೈಟ್ ಸ್ಟಾಫ್' ಅಂತ ಇದ್ದರೆ ಸುಮ್ನೆ ಬಿಡಿ. 'ನಮ್ಮ ತಾಯಿಗೆ ಮೆಟ್ಟಿಲು ಹತ್ತಲು ಆಗಲ್ಲ ಅಂತ, ನಾವು ಕೇಳದಿದ್ದರೂ ಕೆಳಗಿನ ರೂಮ್ ಕೊಟ್ಟರು' ಅಂತ ಇದ್ದರೆ ಅದನ್ನು ಎತ್ತಿಟ್ಟುಕೊಳ್ಳಿ.

ಇನ್ನು ಶಿಫ್ಟ್. ನಿಮಗೆ ಮುಂದೆ ತೊಂದರೆ ಬಂದರೆ ಇಲ್ಲಿಂದಲೇ ಬರುತ್ತದೆ, ಹಾಗಾಗಿ ಲೆಕ್ಕ ಬಿಡಿಸಿ ಹೇಳುತ್ತೇನೆ. ಕೌಂಟರಿನ ಒಂದು ಕುರ್ಚಿ ವಾರವಿಡೀ ಖಾಲಿ ಬಿಡದೆ ತುಂಬಲು 168 ಗಂಟೆ ಬೇಕು. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಒಬ್ಬರ ಮಾಮೂಲಿ ಕೆಲಸ ವಾರಕ್ಕೆ 48 ಗಂಟೆ. 168ನ್ನು 48ರಿಂದ ಭಾಗಿಸಿದರೆ ಮೂರೂವರೆ ಜನ. ಅದಕ್ಕೇ ನೀವು ನಾಲ್ಕು ಜನ ಇಟ್ಟಿರುವುದು. ರಜೆ, ಜ್ವರ, ಊರ ಹಬ್ಬ ಎಲ್ಲವೂ ಆ ಉಳಿದ ಅರ್ಧದಲ್ಲೇ ಹೊಂದಬೇಕು. ನಾಲ್ವರೂ ರಾತ್ರಿ ಹಂಚಿಕೊಂಡರೆ ತಿಂಗಳಿಗೆ ಒಬ್ಬೊಬ್ಬರಿಗೆ ಏಳೆಂಟು ರಾತ್ರಿ ಬರುತ್ತವೆ. ಒಬ್ಬರು ರಾತ್ರಿ ಬರಲ್ಲ ಅಂದರೆ ಉಳಿದ ಮೂವರಿಗೆ ಹತ್ತತ್ತು. ಹೊಸಬರು ಮಾಡದ ರಾತ್ರಿಗಳನ್ನು ಹಳಬರು ಮಾಡಬೇಕಾಗುತ್ತದೆ. ಸ್ವಲ್ಪ ದಿನದಲ್ಲೇ ಹಳಬರಲ್ಲಿ ಒಬ್ಬರು ರಾಜೀನಾಮೆ ತಂದುಕೊಡುತ್ತಾರೆ.

'ಎನಿ ಶಿಫ್ಟ್' ಅಂತ ಬರೆಯುವುದು ಸುಲಭ. ಬೆಂಗಳೂರಿನವರ ಹೋಟೆಲಿನಲ್ಲಿ ನೈಟ್ ಆಡಿಟರ್ ಬೇರೆ ಇದ್ದಿರಬಹುದು. ಹಾಗಿದ್ದರೆ ಅವರು ಮಾಡಿದ್ದು ಬೆಳಿಗ್ಗೆ, ಮಧ್ಯಾಹ್ನ ಎರಡೇ. 'ನಿಮ್ಮ ಕಳೆದ ತಿಂಗಳ ಡ್ಯೂಟಿ ಚಾರ್ಟ್ ಹೇಗಿತ್ತು, ಹೇಳಿ' ಅಂತ ಕೇಳಿ. ಪಾಳಿಯಲ್ಲಿ ದುಡಿದವರಿಗೆ ಅದು ನಾಲಿಗೆ ತುದಿಯಲ್ಲಿರುತ್ತದೆ: ಎರಡು ಮಾರ್ನಿಂಗ್, ಎರಡು ಈವ್ನಿಂಗ್, ಎರಡು ನೈಟ್, ಒಂದು ಆಫ್. ತಡವರಿಸಿದರೆ ಗಮನಿಸಿ. ನೈಟ್ ಮುಗಿಸಿದ ಮರುದಿನ ಆಫ್ ಇತ್ತಾ ಅಂತಲೂ ಕೇಳಿ. ಈವ್ನಿಂಗ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಹೋಗಿ ಮತ್ತೆ ಬೆಳಿಗ್ಗೆ ಏಳಕ್ಕೆ ಬಂದ ದಿನಗಳ ಬಗ್ಗೆ ಅವರೇ ಮಾತೆತ್ತಿದರೆ, ಅವರು ಪಾಳಿ ಕಂಡವರು.

ವಿಳಾಸ ನೋಡುವುದನ್ನು ಮರೆಯಬೇಡಿ. ಹಾಸನದವರು ಈಗ ಇರುವುದು ಹಾಸನದಲ್ಲೇ. ಮೈಸೂರಿಗೆ ಬಂದರೆ ಎಲ್ಲಿ ಉಳಿಯುತ್ತಾರೆ? ನೀವು ಸಿಬ್ಬಂದಿ ರೂಮ್ ಕೊಡುತ್ತೀರಾ? ಬೆಂಗಳೂರಿನವರ ಮನೆ ನಂಜನಗೂಡು ಅಂತ ಬರೆದಿದೆ. ರಾತ್ರಿ ಹನ್ನೊಂದಕ್ಕೆ ಡ್ಯೂಟಿ ಬಿಟ್ಟು ಅಲ್ಲಿಗೆ ಹೇಗೆ ಹೋಗುತ್ತಾರೆ, ಬೈಕ್ ಇದೆಯಾ? ಶಿಫ್ಟಿಗೆ ಒಪ್ಪಿದವರೂ ಎರಡನೇ ತಿಂಗಳಿನಲ್ಲಿ ಬಿಡುವುದು ಬಹಳ ಸಲ ಇದೇ ಕಾರಣಕ್ಕೆ. ಮುಂದೆ ಯಾವತ್ತಾದರೂ ಮಹಿಳೆಯರನ್ನು ರಾತ್ರಿ ಪಾಳಿಗೆ ಹಾಕುವುದಾದರೆ ಅವರ ಲಿಖಿತ ಒಪ್ಪಿಗೆ ಬೇಕು, ಮನೆಯಿಂದ ಕರೆತಂದು ಬಿಡುವ ವಾಹನವೂ ನಿಮ್ಮದೇ ಜವಾಬ್ದಾರಿ. 'ರಾತ್ರಿ ಬರ್ತೀರಾ' ಅಂತ ಕೇಳುವ ಮೊದಲು ಆ ವ್ಯವಸ್ಥೆ ಇಟ್ಟುಕೊಂಡಿರಿ.

ತೂಗುವಾಗ ನಾನಾದರೆ ಶಿಫ್ಟನ್ನು ಮೊದಲು ಇಡುತ್ತೇನೆ. ಅದು ಇಲ್ಲ ಅಂತ ಖಚಿತವಾದರೆ ಉಳಿದ ಎರಡು ಎಷ್ಟೇ ಚೆನ್ನಾಗಿದ್ದರೂ ನಿಮ್ಮ ನಾಲ್ಕು ಜನರ ಚಾರ್ಟ್ ನಿಲ್ಲುವುದಿಲ್ಲ. ಆಮೇಲೆ ಗೆಸ್ಟ್ ಸರ್ವಿಸ್. ಸಾಫ್ಟ್‌ವೇರ್ ಕೊನೆಗೆ, ಅದರಲ್ಲೂ ಐಡಿಎಸ್ ಅನ್ನುವ ಹೆಸರಿಗೆ ಅಂಟಿಕೊಳ್ಳಬೇಡಿ. ನಿಮ್ಮಲ್ಲಿ ಉಳಿದಿರುವ ಮೂವರಿಗೂ ಐಡಿಎಸ್ ಬರುತ್ತದೆ, ಹೇಳಿಕೊಡಲು ಜನ ಇದ್ದಾರೆ. ಆ ಮೂವರೂ ಹೊಸಬರೇ ಆಗಿದ್ದಿದ್ದರೆ ಬೇರೆ ಮಾತು ಹೇಳುತ್ತಿದ್ದೆ. ಸದ್ಯಕ್ಕೆ ಕಾಗದದ ಮೇಲೆ ಹಾಸನದವರು ಶಿಫ್ಟ್ ಮತ್ತು ಸರ್ವಿಸ್‌ನಲ್ಲಿ ಮುಂದೆ. ಬೆಂಗಳೂರಿನವರು ಭಾಷೆ ಮತ್ತು ಸಿ ಫಾರ್ಮ್‌ನಲ್ಲಿ ಮುಂದೆ. ಸಿ ಫಾರ್ಮ್ ತುಂಬುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು, ಭಾಷೆಯನ್ನು ಹಾಗೆ ಕಲಿಸಲು ಆಗದು. ಬೆಂಗಳೂರಿನವರು ಡ್ಯೂಟಿ ಚಾರ್ಟಿನ ಪ್ರಶ್ನೆಗೆ ಸಲೀಸಾಗಿ ಉತ್ತರ ಕೊಟ್ಟು, ರಾತ್ರಿ ಮೂರರ ಪ್ರಶ್ನೆಯಲ್ಲೂ ಪಾಸಾದರೆ ನನ್ನ ಈ ಲೆಕ್ಕ ತಿರುಗುತ್ತದೆ. ಆಗ ಅವರನ್ನೇ ತಗೊಳ್ಳಿ.

ಯಾರನ್ನೇ ಆರಿಸಿದರೂ ಹಿಂದಿನ ಹೋಟೆಲಿಗೆ ಫೋನ್ ಮಾಡುವಾಗ ಎಚ್‌ಆರ್ ಬದಲು ಫ್ರಂಟ್ ಆಫೀಸ್ ಮ್ಯಾನೇಜರನ್ನು ಕೇಳಿ. ಅಭ್ಯರ್ಥಿಯ ಜೊತೆ ಕೆಲಸ ಮಾಡಿದವರು ಆ ಮ್ಯಾನೇಜರೇ. ಅಭ್ಯರ್ಥಿ ಇನ್ನೂ ಅಲ್ಲೇ ಕೆಲಸದಲ್ಲಿದ್ದರೆ ಅವರ ಒಪ್ಪಿಗೆ ಪಡೆದೇ ಫೋನ್ ಮಾಡಿ. 'ಹೇಗಿದ್ದರು' ಅಂದರೆ 'ಒಳ್ಳೆಯವರು' ಅಂತ ಉತ್ತರ ಬರುತ್ತದೆ. ಅದರ ಬದಲು 'ಹೋಟೆಲ್ ಫುಲ್ ಇದ್ದ ಶನಿವಾರ ರಾತ್ರಿ ಅವರೊಬ್ಬರನ್ನೇ ಬಿಟ್ಟು ನೀವು ಮನೆಗೆ ಹೋಗ್ತಿದ್ರಾ?' ಅಂತ ಕೇಳಿ, ಉತ್ತರ ಬರುವುದು ಎಷ್ಟು ತಡವಾಗುತ್ತದೆ ಅನ್ನುವುದನ್ನೂ ಗಮನಿಸಿ. ಆಫರ್ ಲೆಟರಿನಲ್ಲಿ ತಿಂಗಳಿಗೆ ಎಷ್ಟು ರಾತ್ರಿ ಪಾಳಿ, ವಾರದ ರಜೆ ಯಾವಾಗ, ದಸರಾ ಹತ್ತು ದಿನ ರಜೆ ಇಲ್ಲ ಅನ್ನುವುದನ್ನು ಬರೆದೇ ಕೊಡಿ. ಮೊದಲ ಎರಡು ವಾರದ ನೈಟ್ ಡ್ಯೂಟಿಗೆ ನಿಮ್ಮ ಹಳಬರೊಬ್ಬರನ್ನು ಜೊತೆಗೆ ಹಾಕಿ, ದಿನ ಮುಚ್ಚುವುದನ್ನು ಹೊಸಬರ ಕೈಯಲ್ಲೇ ಮಾಡಿಸಿ.